ಕುಲುಮೆಯೊಳಗಿನ ವಿಕಿರಣದ ಲೆಕ್ಕ: ಚಾವಣಿ, ಗೋಡೆ, ಲೋಡ್ ಮತ್ತು ವ್ಯೂ ಫ್ಯಾಕ್ಟರ್

ವಿದ್ಯುತ್ ಕುಲುಮೆಯೊಂದರ ಚಾವಣಿಯಲ್ಲಿ ಹೀಟರ್‌ಗಳಿವೆ, ನೆಲದ ಮೇಲೆ ಕಾಯಿಸಬೇಕಾದ ಲೋಡ್ ಆಗಿ ಉಕ್ಕಿನ ಪ್ಲೇಟ್ ಇದೆ, ಸುತ್ತ ಇಟ್ಟಿಗೆಯ ಗೋಡೆಗಳಿವೆ. ಹೀಟರ್‌ನಿಂದ ಪ್ಲೇಟ್‌ಗೆ ಎಷ್ಟು ಕಿಲೋವ್ಯಾಟ್ ಇಳಿಯುತ್ತದೆ? ಈ ಪ್ರಶ್ನೆಗೆ ಹಲವರು ಎರಡು ಅನಂತ ತಟ್ಟೆಗಳ ಸೂತ್ರ ಹಾಕಿ ಉತ್ತರ ಬರೆದುಬಿಡುತ್ತಾರೆ. ನಾವು ಇಲ್ಲಿ ತೆಗೆದುಕೊಳ್ಳುವ ಕುಲುಮೆಯಲ್ಲಿ ಆ ಉತ್ತರ ಕಾಲು ಭಾಗಕ್ಕಿಂತ ಹೆಚ್ಚೇ ತಪ್ಪುತ್ತದೆ. ಯಾವ ಮೇಲ್ಮೈ ಯಾವುದನ್ನು ಎಷ್ಟು ನೋಡುತ್ತದೆ ಎಂಬುದನ್ನು ಆ ಸೂತ್ರ ಕೇಳುವುದೇ ಇಲ್ಲ. ಆ ನೋಟದ ಪಾಲೇ ವ್ಯೂ ಫ್ಯಾಕ್ಟರ್. ಒಂದು ಮೇಲ್ಮೈಯಿಂದ ಹೊರಟ ವಿಕಿರಣದಲ್ಲಿ ಇನ್ನೊಂದು ಮೇಲ್ಮೈಯನ್ನು ನೇರವಾಗಿ ತಲುಪುವ ಭಾಗ ಅದು. ಅದಕ್ಕೆ ಏಕಮಾನವಿಲ್ಲ, ತಾಪಮಾನದ ಹಂಗೂ ಇಲ್ಲ. ಆಕಾರ, ಅಳತೆ, ದೂರ, ಮುಖ ಮಾಡಿದ ದಿಕ್ಕು ಇಷ್ಟೇ ಅದನ್ನು ನಿರ್ಧರಿಸುತ್ತವೆ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಒಳ ಅಳತೆ 2 ಮೀ × 2 ಮೀ, ಎತ್ತರ 1 ಮೀ. ಚಾವಣಿಯ ಉದ್ದಕ್ಕೂ ಸಿಲಿಕಾನ್ ಕಾರ್ಬೈಡ್ ರಾಡ್‌ಗಳು, ಅವುಗಳ ತಾಪಮಾನ 1000 ಡಿಗ್ರಿ ಸೆಲ್ಸಿಯಸ್. ನೆಲವನ್ನು ಪೂರ್ತಿ ಮುಚ್ಚಿರುವ, ಆಕ್ಸೈಡ್ ಪದರ ಕಟ್ಟಿದ ಉಕ್ಕಿನ ಪ್ಲೇಟ್ ಈ ಕ್ಷಣದಲ್ಲಿ 700 ಡಿಗ್ರಿಯಲ್ಲಿದೆ. ಒಳಗೆ ಇರುವುದು ಗಾಳಿ ಮಾತ್ರ. ಈ ಅಳತೆಯಲ್ಲಿ ಗಾಳಿಯನ್ನು ವಿಕಿರಣಕ್ಕೆ ಪಾರದರ್ಶಕ ಎಂದೇ ಹಿಡಿಯಬಹುದು.

ಹಂತ 1: ಆವರಣವನ್ನು ಮುಚ್ಚಿ

ಮೊದಲ ಕೆಲಸ ಲೆಕ್ಕದ್ದಲ್ಲ, ಚಿತ್ರದ್ದು. ಪ್ಲೇಟ್ ಮೇಲೆ ನಿಂತು ಯಾವ ದಿಕ್ಕಿಗೆ ನೋಡಿದರೂ ಕಣ್ಣು ಯಾವುದಾದರೊಂದು ಮೇಲ್ಮೈಗೆ ತಾಗಬೇಕು, ಮತ್ತು ಆ ಮೇಲ್ಮೈ ನಿಮ್ಮ ಪಟ್ಟಿಯಲ್ಲಿ ಇರಬೇಕು. ಇಲ್ಲಿ ಮೂರು ಸಾಕು: ಚಾವಣಿ (1), ಪ್ಲೇಟ್ (2), ನಾಲ್ಕು ಗೋಡೆಗಳು ಒಟ್ಟಾಗಿ (3). ವಿಸ್ತೀರ್ಣ ಕ್ರಮವಾಗಿ 4, 4 ಮತ್ತು 8 ಚದರ ಮೀಟರ್. ಬಾಗಿಲು ತೆರೆದಿದ್ದರೆ ಆ ಕಿಂಡಿಯೂ ಒಂದು ಮೇಲ್ಮೈಯೇ. ತಾಗಿದ ವಿಕಿರಣವನ್ನೆಲ್ಲ ಹೀರುವ, ಹೊರಗಿನ ತಾಪಮಾನದಲ್ಲಿರುವ ಕಪ್ಪು ಕಾಯ ಎಂದು ಅದನ್ನು ಸೇರಿಸಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಒಂದೇ ಗುಂಪಿಗೆ ಹಾಕುವ ಮೇಲ್ಮೈಗಳ ತಾಪಮಾನ ಹತ್ತಿರ ಹತ್ತಿರ ಇರಬೇಕು. ಗೋಡೆಗಳ ಮಟ್ಟಿಗೆ ಇದು ಪೂರ್ತಿ ನಿಜವಲ್ಲ, ಮೇಲ್ಭಾಗ ಯಾವಾಗಲೂ ಹೆಚ್ಚು ಬಿಸಿ. ಸದ್ಯಕ್ಕೆ ಸರಾಸರಿಯಿಂದ ಶುರು ಮಾಡೋಣ.

ಹಂತ 2: ರಾಡ್‌ಗಳ ಸಾಲನ್ನು ಒಂದು ಸಮತಲವಾಗಿಸಿ

ಚಾವಣಿ ಎಂದರೆ ನುಣುಪಾದ ಹಲಗೆಯಲ್ಲ. ರಾಡ್, ಸಂದು, ಮತ್ತೆ ರಾಡ್, ಹಿಂದೆ ಇಟ್ಟಿಗೆ. ಒಂದೊಂದು ರಾಡ್‌ಗೂ ಬೇರೆ ವ್ಯೂ ಫ್ಯಾಕ್ಟರ್ ತೆಗೆಯುವ ಅಗತ್ಯವಿಲ್ಲ. ರಾಡ್‌ಗಳ ಸ್ವಲ್ಪ ಕೆಳಗೆ ಒಂದು ಕಾಲ್ಪನಿಕ ಸಮತಲ ಎಳೆದು, ಆ ಸಮತಲಕ್ಕೆ ಒಂದು ಪರಿಣಾಮಕ ಎಮಿಸಿವಿಟಿ ಕೊಟ್ಟರೆ ಸಾಕು. ಅದೇ ತಾಪಮಾನದ ಕಪ್ಪು ಕಾಯಕ್ಕೆ ಹೋಲಿಸಿದರೆ ಮೇಲ್ಮೈ ಎಷ್ಟು ಪಾಲು ವಿಕಿರಣ ಸೂಸುತ್ತದೆ ಎಂಬುದೇ ಎಮಿಸಿವಿಟಿ.

ಸಮತಲದಿಂದ ಮೇಲಕ್ಕೆ ಹೋದ ವಿಕಿರಣದಲ್ಲಿ ರಾಡ್‌ಗಳಿಗೆ ನೇರವಾಗಿ ತಾಗುವ ಪಾಲು ರಾಡ್‌ನ ವ್ಯಾಸ D ಮತ್ತು ಕೇಂದ್ರದಿಂದ ಕೇಂದ್ರಕ್ಕಿರುವ ಅಂತರ S ಇವುಗಳ ಮೇಲೆ ನಿಂತಿದೆ:

```
F = 1 - sqrt(1 - (D/S)^2) + (D/S)*atan(sqrt((S/D)^2 - 1))
```

ಅಂತರ ವ್ಯಾಸದ ಎರಡು ಪಟ್ಟಿದ್ದರೆ F = 0.658. ಉಳಿದ 0.342 ಭಾಗ ಸಂದಿನಲ್ಲಿ ನುಸುಳಿ ಹಿಂದಿನ ಇಟ್ಟಿಗೆಗೆ ತಾಗುತ್ತದೆ. ಇಟ್ಟಿಗೆ ಅದನ್ನು ಮರಳಿ ಕಳಿಸುವಾಗ ಮತ್ತೆ 0.658 ಪಾಲು ರಾಡ್‌ಗಳಿಗೆ ಸಿಗುತ್ತದೆ. ಒಟ್ಟು 0.658 + 0.342 × 0.658 = 0.883. ಅಂದರೆ ಅರ್ಧದಷ್ಟು ಜಾಗ ಖಾಲಿಯಿದ್ದರೂ ಈ ಸಾಲು ಬಹುಮಟ್ಟಿಗೆ ತುಂಬಿದ ಹಲಗೆಯಂತೆಯೇ ವರ್ತಿಸುತ್ತದೆ. ರಾಡ್‌ನ ಎಮಿಸಿವಿಟಿ 0.9 ಎಂದಿಟ್ಟುಕೊಳ್ಳಿ. ಪ್ರತಿ ಚದರ ಮೀಟರ್ ಸಮತಲಕ್ಕೆ ರಾಡ್‌ಗಳ ಮೇಲ್ಮೈ πD/S = 1.57 ಚದರ ಮೀಟರ್:

```
1/e_eff = 1/0.883 + (1/1.57)*(1/0.9 - 1) = 1.203
e_eff = 0.83
```

ನಾವು 0.8 ಎಂದು ಇಟ್ಟುಕೊಳ್ಳೋಣ. ಆಕ್ಸೈಡ್ ಕಟ್ಟಿದ ಉಕ್ಕಿಗೂ 0.8 ಒಪ್ಪುವ ಸಂಖ್ಯೆ.

ಹಂತ 3: ಒಂದೇ ಒಂದು ವ್ಯೂ ಫ್ಯಾಕ್ಟರ್ ಲೆಕ್ಕ ಹಾಕಿ, ಉಳಿದವನ್ನು ಬಿಡಿಸಿಕೊಳ್ಳಿ

ಮೂರು ಮೇಲ್ಮೈಗಳಿಗೆ ಒಂಬತ್ತು ವ್ಯೂ ಫ್ಯಾಕ್ಟರ್‌ಗಳಿವೆ. ಒಂಬತ್ತನ್ನೂ ಸೂತ್ರ ಹಾಕಿ ಹುಡುಕುವುದು ವ್ಯರ್ಥ ಶ್ರಮ. ಚಾವಣಿಯಿಂದ ಪ್ಲೇಟ್‌ಗೆ ಇರುವುದೊಂದು ಸಿಕ್ಕರೆ ಸಾಕು. ಎದುರುಬದುರಾಗಿರುವ, ಒಂದೇ ಅಳತೆಯ ಎರಡು ಆಯತಗಳಿಗೆ ಪುಟ್ಟ ಪ್ರೋಗ್ರಾಂ ಇದು. ಇದರಲ್ಲಿ a, b ಆಯತದ ಬದಿಗಳು, c ನಡುವಿನ ದೂರ:

```python
from math import atan, log, pi, sqrt

def f_parallel(a, b, c):
    x, y = a/c, b/c
    p, q = sqrt(1+x*x), sqrt(1+y*y)
    s = log(p*q/sqrt(1+x*x+y*y))
    s += x*q*atan(x/q) + y*p*atan(y/p)
    s -= x*atan(x) + y*atan(y)
    return 2*s/(pi*x*y)

print(f_parallel(2, 2, 1))
```

ಉತ್ತರ 0.415. ಕ್ಯಾಲ್ಕುಲೇಟರ್‌ನಲ್ಲಿ ಮಾಡುವವರು ಕೋನವನ್ನು ರೇಡಿಯನ್‌ನಲ್ಲಿ ಇಡಬೇಕು. ಡಿಗ್ರಿಯಲ್ಲಿಟ್ಟರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಸೂತ್ರ ಸರಿಯಾಗಿ ಟೈಪಾಗಿದೆಯೇ ಎಂದು ನೋಡಲು ಘನಾಕೃತಿಯನ್ನು ಹಾಕಿ ನೋಡಿ: `f_parallel(1, 1, 1)` ಸುಮಾರು 0.2 ಕೊಡಬೇಕು.

ಇನ್ನು ಮಿಕ್ಕವು. ಚಾವಣಿ ಸಮತಟ್ಟಾಗಿದೆ, ತನ್ನನ್ನು ತಾನು ನೋಡುವುದಿಲ್ಲ. ಅದರಿಂದ ಹೊರಟಿದ್ದೆಲ್ಲ ಪ್ಲೇಟ್‌ಗೋ ಗೋಡೆಗೋ ಹೋಗಲೇಬೇಕು. ಹಾಗಾಗಿ ಚಾವಣಿಯಿಂದ ಗೋಡೆಗೆ 1 − 0.415 = 0.585. ಗೋಡೆಯಿಂದ ಚಾವಣಿಗೆ ಎಷ್ಟು ಎಂಬುದಕ್ಕೆ ಪರಸ್ಪರತೆಯ ನಿಯಮವಿದೆ: ವಿಸ್ತೀರ್ಣ ಗುಣಿಸು ವ್ಯೂ ಫ್ಯಾಕ್ಟರ್ ಎರಡೂ ಕಡೆಯಿಂದ ಒಂದೇ. 4 × 0.585 ÷ 8 = 0.2925. ಪ್ಲೇಟ್‌ಗೂ ಅಷ್ಟೇ. ಗೋಡೆಗಳು ಒಂದನ್ನೊಂದು ನೋಡಿಕೊಳ್ಳುವ ಪಾಲು 1 − 0.585 = 0.415.

ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಎಂದರೆ ಗೋಡೆ ಗೋಡೆಯನ್ನು ನೋಡುತ್ತದೆ ಎಂಬುದನ್ನು ಮರೆಯುವುದು. ನಾಲ್ಕನ್ನೂ ಸೇರಿಸಿ ಒಂದೇ ಮೇಲ್ಮೈ ಮಾಡಿದ ಮೇಲೆ ಅದು ಸಮತಟ್ಟಾಗಿ ಉಳಿಯಲಿಲ್ಲ. ಪ್ರತಿ ಸಾಲನ್ನೂ ಕೂಡಿಸಿ ನೋಡಿ, ಮೊತ್ತ 1 ಬರದಿದ್ದರೆ ಮುಂದಕ್ಕೆ ಹೋಗಬೇಡಿ. ಅಲ್ಲಿ ಉಳಿದ 0.02ರಷ್ಟು ಕೊರತೆಯೂ ಕೊನೆಯಲ್ಲಿ ಹೊರಗೆ ಸೋರಿಹೋದ ಶಾಖದಂತೆ ಕಾಣಿಸಿಕೊಳ್ಳುತ್ತದೆ, ಮತ್ತು ನೀವು ಅದನ್ನು ಇಟ್ಟಿಗೆಯಲ್ಲಿ ಹುಡುಕುತ್ತೀರಿ.

ಹಂತ 4: ಗೋಡೆಯ ಪಾತ್ರ ನಿರ್ಧರಿಸಿ

ಗೋಡೆಗೆ ವಿದ್ಯುತ್ ಕೊಟ್ಟಿಲ್ಲ. ಕುಲುಮೆ ಕಾದು ನೆಲೆಗೆ ಬಂದ ಮೇಲೆ ಅದು ಪಡೆದ ಶಾಖವನ್ನು ಬಹುಪಾಲು ಒಳಕ್ಕೇ ಮರಳಿಸುತ್ತದೆ. ಈ ಊಹೆ ಎಷ್ಟು ಸರಿ? 230 ಮಿ.ಮೀ. ದಪ್ಪದ, ಉಷ್ಣವಾಹಕತೆ 0.3 ವ್ಯಾಟ್/ಮೀ·ಕೆ ಇರುವ ಇನ್ಸುಲೇಷನ್ ಇಟ್ಟಿಗೆಯ ಎರಡು ಮುಖಗಳ ನಡುವೆ 800 ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ಸುಮಾರು 1 ಕಿಲೋವ್ಯಾಟ್ ಹೊರಹೋಗುತ್ತದೆ. 8 ಚದರ ಮೀಟರಿಗೆ 8 ಕಿಲೋವ್ಯಾಟ್. ಗೋಡೆಗೆ ಬಂದು ಪ್ಲೇಟ್‌ಗೆ ಹೋಗುವ ಶಾಖ ಇದರ ಹತ್ತು ಪಟ್ಟು ಎಂದು ಮುಂದೆ ಕಾಣುತ್ತದೆ. ಹಾಗಾಗಿ ಮೊದಲ ಲೆಕ್ಕಕ್ಕೆ ಗೋಡೆಯ ನಿವ್ವಳ ಶಾಖ ಸೊನ್ನೆ ಎನ್ನಬಹುದು.

ಆದರೆ ತಣ್ಣಗಿನ ಕುಲುಮೆ ಹೊತ್ತಿಸಿದ ಮೊದಲ ಗಂಟೆಗಳಲ್ಲಿ ಇದು ಸಲ್ಲದು. ಆಗ ಇಟ್ಟಿಗೆಯೇ ದೊಡ್ಡ ಲೋಡ್. ಒಳಮುಖ ಬೆಚ್ಚಗಾಗುವವರೆಗೆ ಈ ಲೆಕ್ಕದ ಕಿಲೋವ್ಯಾಟ್ ಪ್ಲೇಟ್‌ಗೆ ತಲುಪುವುದಿಲ್ಲ.

ಹಂತ 5: ರೋಧಗಳ ಜಾಲ ಕಟ್ಟಿ

ಈಗ ವಿದ್ಯುತ್ ಸರ್ಕ್ಯೂಟ್‌ನಂತೆಯೇ ಲೆಕ್ಕ. ವೋಲ್ಟೇಜ್ ಜಾಗದಲ್ಲಿ σT⁴, ಕರೆಂಟ್ ಜಾಗದಲ್ಲಿ ಶಾಖ. σ ಎಂದರೆ ಸ್ಟೆಫಾನ್-ಬೋಲ್ಟ್ಸ್‌ಮನ್ ಸ್ಥಿರಾಂಕ, T ತಾಪಮಾನ. T ಕೆಲ್ವಿನ್‌ನಲ್ಲೇ ಇರಬೇಕು. 1273 ಕೆಲ್ವಿನ್‌ಗೆ σT⁴ ಚದರ ಮೀಟರಿಗೆ 148.9 ಕಿಲೋವ್ಯಾಟ್, 973ಕ್ಕೆ 50.8. ವ್ಯತ್ಯಾಸ 98.1. ಇದೇ ಲೆಕ್ಕಕ್ಕೆ ಅಚಾತುರ್ಯದಿಂದ ಸೆಲ್ಸಿಯಸ್ ಹಾಕಿದರೆ ವ್ಯತ್ಯಾಸ 43 ಬರುತ್ತದೆ. ಅರ್ಧಕ್ಕೂ ಕಡಿಮೆಯಾದ ಆ ಸಂಖ್ಯೆ ನೋಡಲು ಅಸಂಭವ ಎನಿಸುವುದಿಲ್ಲ, ಅದಕ್ಕೇ ಅಪಾಯಕಾರಿ.

ಮೇಲ್ಮೈಯೊಂದರ ಸ್ವಂತ ರೋಧ (1−ε)/(εA), ಇದರಲ್ಲಿ ε ಎಮಿಸಿವಿಟಿ, A ವಿಸ್ತೀರ್ಣ. ಚಾವಣಿಗೆ 0.2 ÷ (0.8 × 4) = 0.0625. ಪ್ಲೇಟ್‌ಗೂ ಅಷ್ಟೇ. ಎರಡು ಮೇಲ್ಮೈಗಳ ನಡುವಿನ ಜಾಗದ ರೋಧ 1/(A×F). ಚಾವಣಿಯಿಂದ ಪ್ಲೇಟ್‌ಗೆ ಎರಡು ದಾರಿಗಳಿವೆ. ನೇರ ದಾರಿಯ ವಾಹಕತೆ 4 × 0.415 = 1.66. ಗೋಡೆಯ ಮೂಲಕ ಹೋಗುವ ದಾರಿಯಲ್ಲಿ 2.34ರ ಎರಡು ತುಂಡುಗಳು ಸರಣಿಯಲ್ಲಿ ಸೇರಿ 1.17 ಆಗುತ್ತದೆ. ಎರಡೂ ಕೂಡಿ 2.83.

```
R = 0.0625 + 1/2.83 + 0.0625 = 0.478
Q = 98.1 / 0.478 = 205 kW
```

ಅನಂತ ತಟ್ಟೆಗಳ ಸೂತ್ರ ಇದೇ ಕುಲುಮೆಗೆ 262 ಕಿಲೋವ್ಯಾಟ್ ಹೇಳುತ್ತದೆ. ಆ ಸಂಖ್ಯೆ ನಂಬಿ ಕಾಯಿಸುವ ಸಮಯ ನಿಗದಿ ಮಾಡಿದರೆ ಪ್ಲೇಟ್ ಪೂರ್ತಿ ಕಾಯುವ ಮೊದಲೇ ಹೊರಬರುತ್ತದೆ.

ಚಾವಣಿ, ನೆಲ ಒಂದೇ ಅಳತೆಯವಾಗಿ ಗೋಡೆ ನಿವ್ವಳ ಶಾಖ ಹೀರದಿದ್ದಾಗ ಒಂದು ಅಡ್ಡದಾರಿಯೂ ಇದೆ: ಗೋಡೆಯನ್ನೂ ಸೇರಿಸಿಕೊಂಡ ವ್ಯೂ ಫ್ಯಾಕ್ಟರ್ ಎಂದರೆ (1 + F)/2. ನಮ್ಮದಕ್ಕೆ 0.7075, ಅದನ್ನು 4ರಿಂದ ಗುಣಿಸಿದರೆ ಅದೇ 2.83.

ಹಂತ 6: ಒಳಗಿನ ಸಂಖ್ಯೆಗಳನ್ನು ಹೊರತೆಗೆಯಿರಿ

205 ಸಿಕ್ಕಿತೆಂದು ನಿಲ್ಲಿಸಬೇಡಿ. ಕುಲುಮೆಯ ಪಕ್ಕ ನಿಂತು ಅಳೆದು ನೋಡಬಹುದಾದ ಸಂಖ್ಯೆಗಳು ಬರುವುದು ಇಲ್ಲಿಂದ. ಪ್ರತಿ ಮೇಲ್ಮೈ ಹೊರಸೂಸುವುದು ಮತ್ತು ಪ್ರತಿಫಲಿಸುವುದು ಎರಡೂ ಸೇರಿದ ಒಟ್ಟು ವಿಕಿರಣಕ್ಕೆ ರೇಡಿಯಾಸಿಟಿ ಎನ್ನುತ್ತಾರೆ. ಚಾವಣಿಯದು 148.9 − 205 × 0.0625 = 136.1. ಪ್ಲೇಟ್‌ನದು 50.8 + 12.8 = 63.6. ಗೋಡೆಯದು ಇವೆರಡರ ಸರಾಸರಿ, 99.9. ಎಲ್ಲವೂ ಚದರ ಮೀಟರಿಗೆ ಕಿಲೋವ್ಯಾಟ್.

ನೇರ ದಾರಿಯಲ್ಲಿ 120 ಕಿಲೋವ್ಯಾಟ್ ಹೋದರೆ ಗೋಡೆಯ ದಾರಿಯಲ್ಲಿ 85 ಹೋಗುತ್ತಿದೆ. ವಿದ್ಯುತ್ ಸಂಪರ್ಕವೇ ಇಲ್ಲದ ಇಟ್ಟಿಗೆ ಪ್ಲೇಟ್‌ನ ಶಾಖದಲ್ಲಿ ಐದರಲ್ಲಿ ಎರಡು ಪಾಲು ದಾಟಿಸುತ್ತಿದೆ.

ಗೋಡೆಯ 99.9ಕ್ಕೆ ಸರಿಹೊಂದುವ ತಾಪಮಾನ 1152 ಕೆಲ್ವಿನ್, ಅಂದರೆ 879 ಡಿಗ್ರಿ. ಚಾವಣಿ ಮತ್ತು ಪ್ಲೇಟ್‌ನ ಸಾದಾ ಸರಾಸರಿ 850 ಅಲ್ಲ. ನಾಲ್ಕನೆಯ ಘಾತದ ದೆಸೆಯಿಂದ ಅದು ಬಿಸಿಯ ಕಡೆಗೆ ವಾಲಿದೆ. ಹಂತ 4ರ 8 ಕಿಲೋವ್ಯಾಟ್ ಸೋರಿಕೆಯನ್ನು ಸೇರಿಸಿದರೆ ಇದು 5ರಿಂದ 7 ಡಿಗ್ರಿ ಇಳಿಯುತ್ತದೆ, ಹೆಚ್ಚಲ್ಲ. ಗೋಡೆಯ ಒಳಮುಖಕ್ಕೆ ಸಮನಾಗಿ ಕೂರಿಸಿದ ಥರ್ಮೋಕಪಲ್‌ಗಳ ಸರಾಸರಿ 870ರ ಆಸುಪಾಸಿದ್ದರೆ ಲೆಕ್ಕ ಒಪ್ಪಿದಂತೆ. 820 ತೋರಿಸಿದರೆ ಗೋಡೆ ಇನ್ನೂ ಕಾಯುತ್ತಿದೆ, ಇಲ್ಲವೇ ಎಲ್ಲೋ ಬಿರುಕು ಬಿಟ್ಟಿದೆ, ಇಲ್ಲವೇ ಬಾಗಿಲು ಸರಿಯಾಗಿ ಕೂತಿಲ್ಲ.

ಗೋಡೆಯ ಎಮಿಸಿವಿಟಿ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ನಿವ್ವಳ ಶಾಖ ಹೀರದ ಗೋಡೆ ಪ್ರತಿಫಲಿಸಿದರೂ ಒಂದೇ, ಹೀರಿ ಮತ್ತೆ ಸೂಸಿದರೂ ಒಂದೇ. ಇಂಥ ವಿದ್ಯುತ್ ಕುಲುಮೆಯ ಗೋಡೆಗೆ ಹೆಚ್ಚು ಎಮಿಸಿವಿಟಿಯ ಲೇಪನ ಬಳಿದರೆ ಶಾಖ ಏರುತ್ತದೆ ಎಂದು ಯಾರಾದರೂ ಹೇಳಿದರೆ ಲೆಕ್ಕ ತೋರಿಸಿ ಎನ್ನಿ. ಅನಿಲ ಉರಿಸುವ ಕುಲುಮೆಯ ಕಥೆ ಬೇರೆ, ಅಲ್ಲಿ ಅನಿಲ ಕೆಲವೇ ತರಂಗಾಂತರಗಳಲ್ಲಿ ವಿಕಿರಣ ಸೂಸುವುದರಿಂದ ಗೋಡೆ ಅದನ್ನು ಹೀರಿ ಎಲ್ಲ ತರಂಗಾಂತರಗಳಿಗೂ ಹರಡುವುದಕ್ಕೆ ಅರ್ಥವಿದೆ. ಪ್ಲೇಟ್‌ನ ಎಮಿಸಿವಿಟಿ ಮಾತ್ರ ಎಲ್ಲ ಕಡೆಯೂ ಲೆಕ್ಕಕ್ಕೆ ಬರುತ್ತದೆ: ಅದು ಹೊಳೆಯುವ ಲೋಹವಾಗಿ 0.3 ಇದ್ದಿದ್ದರೆ 205ರ ಜಾಗದಲ್ಲಿ 98 ಕಿಲೋವ್ಯಾಟ್.

ಹಂತ 7: ಮಧ್ಯ ಮತ್ತು ಮೂಲೆಯನ್ನು ಬೇರೆಯಾಗಿ ನೋಡಿ

0.415 ಎಂಬುದು ಇಡೀ ಪ್ಲೇಟ್‌ನ ಸರಾಸರಿ. ಬಿಂದುವಿನಿಂದ ಬಿಂದುವಿಗೆ ಅದು ಬಹಳ ಬದಲಾಗುತ್ತದೆ. ಆಯತದ ಮೂಲೆಗೆ ನೇರ ಕೆಳಗಿರುವ ಒಂದು ಸಣ್ಣ ತುಣುಕಿಗೆ ಆ ಆಯತ ಎಷ್ಟು ಕಾಣುತ್ತದೆ ಎಂಬುದಕ್ಕೆ ಸೂತ್ರ:

```
F = (1/(2*pi)) * ( x/p*atan(y/p) + y/q*atan(x/q) )
p = sqrt(1+x^2),  q = sqrt(1+y^2)
```

ಪ್ಲೇಟ್‌ನ ಮೂಲೆಗೆ x = y = 2 ಹಾಕಿ: 0.208. ಮಧ್ಯಕ್ಕೆ ಚಾವಣಿಯನ್ನು ನಾಲ್ಕು ಕಾಲುಭಾಗ ಮಾಡಿ, x = y = 1 ಹಾಕಿ ನಾಲ್ಕರಿಂದ ಗುಣಿಸಿ: 0.554. ಹೀಟರ್‌ಗಳು ಮಧ್ಯಕ್ಕೆ ಕಾಣುವುದರ ಅರ್ಧವೂ ಮೂಲೆಗೆ ಕಾಣುವುದಿಲ್ಲ.

ಹಾಗೆಂದು ಮೂಲೆಗೆ ಅರ್ಧ ಶಾಖವೇ ಸಿಗುತ್ತದೆ ಎನ್ನಲಾಗದು, ಚಾವಣಿ ಕಾಣದ ಕಡೆ ಬಿಸಿ ಗೋಡೆ ಕಾಣುತ್ತದಲ್ಲ. ಮಧ್ಯಕ್ಕೆ ಬಂದು ಬೀಳುವುದು 0.554 × 136.1 + 0.446 × 99.9 = 119.9. ಮೂಲೆಗೆ 0.208 × 136.1 + 0.792 × 99.9 = 107.4. ಇದರಿಂದ ಪ್ಲೇಟ್‌ನ ಸ್ವಂತ 50.8 ಕಳೆದು 0.8ರಿಂದ ಗುಣಿಸಿದರೆ ಮಧ್ಯ ಹೀರುವುದು 55.3, ಮೂಲೆ 45.3. ಮೂಲೆಗೆ ಸುಮಾರು 18 ಶೇಕಡಾ ಕಡಿಮೆ. ನಿಜದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಮೂಲೆಗೆ ಹತ್ತಿರ ಕಾಣುವುದು ಗೋಡೆಯ ಕೆಳಭಾಗ, ಅದು 879ಕ್ಕಿಂತ ತಣ್ಣಗಿರುತ್ತದೆ. ಗೋಡೆಯನ್ನು ಮೇಲಿನರ್ಧ, ಕೆಳಗಿನರ್ಧ ಎಂದು ಒಡೆದು ಮತ್ತೆ ಲೆಕ್ಕ ಹಾಕಿದರೆ ಇದು ಕಾಣಿಸಿಕೊಳ್ಳುತ್ತದೆ, ಮತ್ತು ಒಟ್ಟು ಶಾಖವೂ 205ಕ್ಕಿಂತ ತುಸು ಕೆಳಗಿಳಿಯುತ್ತದೆ. ವಲಯಗಳನ್ನು ಒಡೆದಾಗ ಅದು ಏರಿದರೆ ಎಲ್ಲೋ ತಪ್ಪಾಗಿದೆ ಎಂದೇ ತಿಳಿಯಿರಿ.

ಪರಿಹಾರ ಬೇಕಿದ್ದರೆ ಮೊದಲ ಆಯ್ಕೆ, ಅಂಚಿನ ರಾಡ್‌ಗಳಿಗೆ ಪ್ರತ್ಯೇಕ ನಿಯಂತ್ರಣ ಕೊಟ್ಟು ಅಲ್ಲಿ ಶಕ್ತಿ ಹೆಚ್ಚಿಸುವುದು. ಇಲ್ಲವಾದರೆ ಪ್ಲೇಟ್ ಅನ್ನು ಗೋಡೆಯಿಂದ ಒಳಕ್ಕೆ ಸರಿಸಿ ಅಂಚನ್ನು 0.208ರ ಜಾಗದಿಂದ ತಪ್ಪಿಸಬಹುದು, ಆದರೆ ಆಗ ಚಿಕ್ಕ ಪ್ಲೇಟ್ ಹಾಕಬೇಕಾಗುತ್ತದೆ. ಚಾವಣಿಯನ್ನು ಎತ್ತರಿಸಿದರೆ ಹಂಚಿಕೆ ಸಮವಾಗುತ್ತದೆ ನಿಜ, ಆದರೆ F ಇಳಿಯುತ್ತದೆ, ಗೋಡೆಯ ವಿಸ್ತೀರ್ಣವೂ ಸೋರಿಕೆಯೂ ಏರುತ್ತವೆ. ಅದಕ್ಕೆ ಕೊನೆಯ ಆಯ್ಕೆಯಾಗಿಡುವುದು ಒಳ್ಳೆಯದು.

ಹಂತ 8: ಬಾಗಿಲಿನ ಕಿಂಡಿ

1 ಮೀ × 0.4 ಮೀ ತೆರೆದ ಕಿಂಡಿ ಗೋಡೆಯಲ್ಲಿದೆ ಎನ್ನಿ. ಗೋಡೆಯ ಮೇಲೆ ಬೀಳುವ ವಿಕಿರಣ ಚದರ ಮೀಟರಿಗೆ ಸುಮಾರು 100 ಕಿಲೋವ್ಯಾಟ್, ಹಾಗಾಗಿ ಕಿಂಡಿಯಿಂದ ಹೊರಹೋಗುವುದು ಗರಿಷ್ಠ 40 ಕಿಲೋವ್ಯಾಟ್. ನಾಲ್ಕು ಗೋಡೆಗಳೂ ಸೇರಿ ಸೋರಿಸುವ 8ರ ಐದು ಪಟ್ಟು. ಗೋಡೆ ದಪ್ಪಗಿದ್ದರೆ ಕಿಂಡಿಯ ಪಕ್ಕಗಳು ಒಂದಷ್ಟನ್ನು ಒಳಕ್ಕೇ ತಿರುಗಿಸುತ್ತವೆ. ಅಗಲದಷ್ಟೇ ಆಳವಿರುವ ಚೌಕ ರಂಧ್ರಕ್ಕೆ ಮೇಲಿನ ಅಡ್ಡದಾರಿ (1 + 0.2)/2 = 0.6 ಕೊಡುತ್ತದೆ, ಅಂದರೆ ತೆಳು ಗೋಡೆಯಲ್ಲಿ ಹೋಗುತ್ತಿದ್ದುದರ ಆರು ಹತ್ತಾಂಶ. ಬಿಸಿ ಗಾಳಿ ಹೊರಹೋಗಿ ತಣ್ಣಗಾಳಿ ಒಳಬರುವ ನಷ್ಟ ಇದರ ಮೇಲೆ.

ಹಂತ 9: ಪೈರೋಮೀಟರ್ ಓದುವುದನ್ನು ಲೆಕ್ಕದೊಂದಿಗೆ ಹೊಂದಿಸಿ

ವಿಕಿರಣ ನೋಡಿ ತಾಪಮಾನ ಹೇಳುವ ಪೈರೋಮೀಟರನ್ನು ಪ್ಲೇಟ್ ಕಡೆಗೆ ಹಿಡಿದರೆ ಅದು ನೋಡುವುದು 50.8 ಅಲ್ಲ, ಎಮಿಸಿವಿಟಿಯಿಂದ ಗುಣಿಸಿದ 40.7ವೂ ಅಲ್ಲ. ಪ್ರತಿಫಲನವೂ ಸೇರಿದ 63.6ನ್ನು. ಎಲ್ಲ ತರಂಗಾಂತರಗಳನ್ನೂ ಹಿಡಿಯುವ ಪೈರೋಮೀಟರ್‌ನಲ್ಲಿ ಎಮಿಸಿವಿಟಿ 1 ಎಂದಿಟ್ಟರೆ 756 ಡಿಗ್ರಿ ತೋರಿಸುತ್ತದೆ. ಪ್ಲೇಟ್‌ನ ನಿಜವಾದ ಎಮಿಸಿವಿಟಿ 0.8 ಅಲ್ಲವೇ ಎಂದು ಅದನ್ನೇ ಇಟ್ಟರೆ 815 ತೋರಿಸುತ್ತದೆ! ಸರಿಯಾದ ಸಂಖ್ಯೆ ಕೊಟ್ಟಷ್ಟೂ ತಪ್ಪು ಹೆಚ್ಚಾಯಿತು. ಉಪಕರಣ ತನಗೆ ಕಂಡಿದ್ದೆಲ್ಲ ಪ್ಲೇಟ್‌ನದೇ ಸ್ವಂತ ವಿಕಿರಣ ಎಂದು ನಂಬಿ ಅದನ್ನು 0.8ರಿಂದ ಭಾಗಿಸುತ್ತದೆ, ಪ್ರತಿಫಲನವನ್ನು ಕಳೆಯುವುದಿಲ್ಲ.

ತರಂಗಾಂತರ ಚಿಕ್ಕದಾದಷ್ಟೂ ಇದು ಕೆಡುತ್ತದೆ. 1 ಮೈಕ್ರೋಮೀಟರ್‌ನಲ್ಲಿ 1000 ಡಿಗ್ರಿಯ ಕಪ್ಪು ಕಾಯ 700 ಡಿಗ್ರಿಯದಕ್ಕಿಂತ 30 ಪಟ್ಟಿಗೂ ಹೆಚ್ಚು ಪ್ರಖರ, 3.9ರಲ್ಲಿ ಎರಡೂವರೆ ಪಟ್ಟು ಮಾತ್ರ. ಲೋಡ್ ಹೀಟರ್‌ಗಿಂತ ತಣ್ಣಗಿರುವ ಕುಲುಮೆಯಲ್ಲಿ ಉದ್ದ ತರಂಗಾಂತರದ ಪೈರೋಮೀಟರ್ ಆರಿಸುವುದು ಈ ಕಾರಣಕ್ಕೆ. ಹಿನ್ನೆಲೆಯ ತಾಪಮಾನ ಕೊಡಲು ಅವಕಾಶವಿರುವ ಉಪಕರಣವಾದರೆ ಪ್ಲೇಟ್‌ಗೆ ಕಾಣುವ ಹಿನ್ನೆಲೆಯನ್ನು ವ್ಯೂ ಫ್ಯಾಕ್ಟರ್‌ಗಳಿಂದ ತೂಗಿ ಕೊಡಿ. ಇಲ್ಲಿ 0.415 × 136.1 + 0.585 × 99.9 = 114.9, ಅದಕ್ಕೆ ಸಮನಾದ ತಾಪಮಾನ ಸುಮಾರು 920 ಡಿಗ್ರಿ. ಸಂದೇಹವಿದ್ದಲ್ಲಿ ಪ್ಲೇಟ್‌ಗೆ ರಂಧ್ರ ಕೊರೆದು ಥರ್ಮೋಕಪಲ್ ಇಟ್ಟು ಒಮ್ಮೆ ಹೋಲಿಸಿ.

ಈ ಲೆಕ್ಕ ಎಲ್ಲಿಯವರೆಗೆ

205 ಕಿಲೋವ್ಯಾಟ್ ಈ ಒಂದು ಕ್ಷಣದ್ದು. ಪ್ಲೇಟ್ 50 ಮಿ.ಮೀ. ದಪ್ಪವಿದ್ದರೆ ತೂಕ 1570 ಕಿಲೋ. ಈ ತಾಪಮಾನದಲ್ಲಿ ಉಕ್ಕಿನ ವಿಶಿಷ್ಟ ಶಾಖ ಕಿಲೋಗೆ ಸುಮಾರು 1 ಕಿಲೋಜೂಲ್, ಹಾಗಾಗಿ ಅದು ನಿಮಿಷಕ್ಕೆ 8 ಡಿಗ್ರಿಯಂತೆ ಏರುತ್ತದೆ. ಪ್ರತಿ 25 ಡಿಗ್ರಿಗೊಮ್ಮೆ ಹಂತ 5ನ್ನು ಮತ್ತೆ ಮಾಡಿದರೆ ಕಾಯುವ ವೇಳೆ ಸಿಗುತ್ತದೆ. ವ್ಯೂ ಫ್ಯಾಕ್ಟರ್‌ಗಳನ್ನು ಮತ್ತೆ ಮುಟ್ಟಬೇಕಿಲ್ಲ, ಆಕಾರ ಬದಲಾಗಿಲ್ಲವಲ್ಲ. ಒಂದೇ ಮುಖದಿಂದ ಕಾಯುವ ಈ ಪ್ಲೇಟ್‌ನ ಮೇಲು ಕೆಳಗಿನ ನಡುವೆ 40 ಡಿಗ್ರಿಗೂ ಹೆಚ್ಚು ವ್ಯತ್ಯಾಸವಿರುತ್ತದೆ. ಲೆಕ್ಕದಲ್ಲಿ ಬಳಸಬೇಕಾದದ್ದು ಮೇಲ್ಮುಖದ ತಾಪಮಾನ.

ಪ್ಲೇಟ್ ಬದಲು ರಾಶಿ ಹಾಕಿದ ಬಿಡಿಭಾಗಗಳಿದ್ದರೆ ಒಂದು ಇನ್ನೊಂದನ್ನು ಮರೆಮಾಡುತ್ತದೆ, ಆಗ ಸೂತ್ರಗಳು ಕೈಕೊಡುತ್ತವೆ. ಕಿರಣಗಳನ್ನು ಯಾದೃಚ್ಛಿಕವಾಗಿ ಹಾರಿಸಿ ಎಣಿಸುವ ಮಾಂಟೆ ಕಾರ್ಲೊ ವಿಧಾನಕ್ಕೆ ಹೋಗಬೇಕು. ಎರಡು ಬರಿಯ ಆಯತಗಳ ಮೇಲೆ ಅದನ್ನು ಓಡಿಸಿ 0.415 ಬರುತ್ತದೆಯೇ ಎಂದು ನೋಡಿಕೊಂಡ ನಂತರವೇ ರಾಶಿಯ ಮೇಲೆ ಬಳಸಿ. ಇಂಧನ ಉರಿಯುವ ಕುಲುಮೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ತಾವೇ ವಿಕಿರಣವನ್ನು ಹೀರಿ ಸೂಸುತ್ತವೆ. ಅಲ್ಲಿ ಅನಿಲವನ್ನು ನಾಲ್ಕನೆಯ ಬಿಂದುವಾಗಿ ಜಾಲಕ್ಕೆ ಸೇರಿಸಿ, ಮೇಲ್ಮೈಯಿಂದ ಮೇಲ್ಮೈಗೆ ಹೋಗುವ ಪ್ರತಿ ವಾಹಕತೆಯನ್ನೂ ಅನಿಲ ಹೀರದೆ ಬಿಟ್ಟ ಪಾಲಿನಿಂದ ಗುಣಿಸಬೇಕಾಗುತ್ತದೆ.